‘ಮಂಗೋಲಾಯ್ಡ್’ ಅನ್ನುವ ಪದವನ್ನು ವಿಜ್ಞಾನಿಗಳು ಬಿಟ್ಟಿದ್ದೇಕೆ

ಹೋದ ವರ್ಷ ನಮ್ಮ ಚಿಕ್ಕಮ್ಮನ ಮಗಳಿಗೆ ಹೆಣ್ಣು ಮಗು ಆಯ್ತು. ಮೂರನೇ ದಿನ ಮನೆಗೆ ಕಳಿಸಿದರು. ಅವತ್ತು ರಾತ್ರಿ ಹತ್ತೂವರೆಗೆ ಅವಳ ಫೋನ್ ಬಂತು. ದನಿ ನಡುಗುತ್ತಿತ್ತು.

“ಅಕ್ಕ, ಫೈಲಲ್ಲಿ ಮಂಗೋಲಿಯನ್ ಸ್ಪಾಟ್ ಅಂತ ಬರೆದಿದ್ದಾರೆ. ಪಿಯುಸಿಲಿ ಓದಿದ್ವಲ್ಲ, ಮಂಗೋಲಿಸಂ ಅಂತ, ಅದೇನಾ ಇದು? ಯಾರೂ ನಂಗೆ ಏನೂ ಹೇಳಲೇ ಇಲ್ಲ.”

ಮಗುವಿನ ಸೊಂಟದ ಕೆಳಗೆ ಅಂಗೈ ಅಗಲದ ನೀಲಿ ಮಚ್ಚೆ ಇತ್ತು, ಅಷ್ಟೇ. ಹಿಂದಿನಿಂದ ಚಿಕ್ಕಮ್ಮ ಹೇಳ್ತಾ ಇದ್ದದ್ದು ಕೇಳಿಸಿತು: “ನಿಂಗೂ ಇತ್ತು ಕಣೇ, ನಿನ್ನ ಅಣ್ಣಂಗೂ ಇತ್ತು, ದೊಡ್ಡವಳಾಗ್ತಾ ಹೋಗತ್ತೆ.” ಚಿಕ್ಕಮ್ಮ ಹೇಳಿದ್ದು ಸರಿ. ಮಗುವಿಗೆ ಏನೂ ಆಗಿರಲಿಲ್ಲ. ಆದರೆ ನನ್ನ ತಂಗಿ ಆ ರಾತ್ರಿ ಅತ್ತಳು. ಅಳಿಸಿದ್ದು ಮಚ್ಚೆ ಅಲ್ಲ, ಆ ಪದ.

ಇಲ್ಲಿ ಒಂದೇ ಬೇರಿನಿಂದ ಮೂರು ಪದ ಬಂದಿವೆ. ಏಷ್ಯಾದ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಒಂದೇ ಮೂಟೆಗೆ ಕಟ್ಟಿದ ‘ಮಂಗೋಲಾಯ್ಡ್’. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ನೂರು ವರ್ಷ ಅಂಟಿಕೊಂಡ ‘ಮಂಗೋಲಿಸಂ’. ನಮ್ಮ ಮನೆಯ ಕೂಸಿನ ಬೆನ್ನ ಮೇಲಿದ್ದ ‘ಮಂಗೋಲಿಯನ್ ಸ್ಪಾಟ್’. ಮೂರರಲ್ಲೂ ಮಂಗೋಲಿಯಾ ದೇಶದ ಹೆಸರಿದೆ, ಮೂರಕ್ಕೂ ಆ ದೇಶಕ್ಕೂ ಸಂಬಂಧ ತೀರಾ ಕಡಿಮೆ. ಕಾಕಸಾಯ್ಡ್, ನೀಗ್ರಾಯ್ಡ್, ಆಸ್ಟ್ರಲಾಯ್ಡ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದಗಳ ಕಥೆಯೂ ಹೆಚ್ಚುಕಡಿಮೆ ಹೀಗೇ. ಆದರೆ ಮಂಗೋಲಾಯ್ಡ್ ಅನ್ನೋ ಒಂದನ್ನೇ ಹಿಡಿದು ಹೋದರೆ ವಿಷಯ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ.

ಕಥೆ ಶುರುವಾಗುವುದು ಜರ್ಮನಿಯ ಗಟಿಂಗೆನ್ ಊರಿನಲ್ಲಿ. ಅಲ್ಲಿ ಯೋಹಾನ್ ಫ್ರೀಡ್ರಿಶ್ ಬ್ಲೂಮೆನ್‌ಬಾಖ್ ಅನ್ನುವ ವೈದ್ಯ ಪ್ರೊಫೆಸರ್ ಇದ್ದ. ಬೇರೆ ಬೇರೆ ದೇಶಗಳಿಂದ ತಲೆಬುರುಡೆ ತರಿಸಿ ಜೋಡಿಸಿಡುತ್ತಿದ್ದ. 1795ರಲ್ಲಿ ತನ್ನ ಪುಸ್ತಕದ ಮೂರನೇ ಆವೃತ್ತಿಯಲ್ಲಿ ಮನುಷ್ಯರನ್ನು ಐದು ಬಗೆಯಾಗಿ ಹೆಸರಿಸಿದ: ಕಾಕೇಸಿಯನ್, ಮಂಗೋಲಿಯನ್, ಇಥಿಯೋಪಿಯನ್, ಅಮೆರಿಕನ್, ಮಲಯ. ‘ಆಯ್ಡ್’ ಬಾಲ ಆಮೇಲೆ ಸೇರಿದ್ದು. ಅದು ಗ್ರೀಕ್‌ನಿಂದ ಬಂದದ್ದು, ‘ಅದರ ಹಾಗೆ ಕಾಣುವ’ ಅನ್ನುವ ಅರ್ಥ. ಅಂದರೆ ಮಂಗೋಲಾಯ್ಡ್ ಎಂದರೆ ಮಂಗೋಲರ ಹಾಗೆ ಕಾಣುವವರು. ಯಾರ ಕಣ್ಣಿಗೆ ಕಾಣುವವರು ಅನ್ನುವುದನ್ನು ಆ ಪದ ಹೇಳುವುದಿಲ್ಲ.

ಆ ಪುಸ್ತಕದಲ್ಲಿ ಐದು ಬುರುಡೆಗಳ ಒಂದು ಚಿತ್ರವಿದೆ. ನಡುವೆ ಜಾರ್ಜಿಯಾ ದೇಶದ ಒಬ್ಬ ಹೆಂಗಸಿನ ಬುರುಡೆ. ಯುದ್ಧದಲ್ಲಿ ಸೆರೆಸಿಕ್ಕು ಮಾಸ್ಕೋಗೆ ಬಂದು ಅಲ್ಲೇ ತೀರಿಕೊಂಡವಳು. ಅವಳ ಬುರುಡೆ 1793ರಲ್ಲಿ ಬ್ಲೂಮೆನ್‌ಬಾಖ್ ಕೈಗೆ ಸಿಕ್ಕಿತು. ಅದು ಅವನಿಗೆ ಎಲ್ಲಕ್ಕಿಂತ ಚೆಂದ ಕಂಡಿತು. ಹಾಗಾಗಿ ಅವಳ ಕಡೆಯ ಬೆಟ್ಟಸಾಲು ಕಾಕಸಸ್ಸಿನ ಹೆಸರೇ ಇಡೀ ಯುರೋಪಿನ ಜನಕ್ಕೆ ಬಂತು. ಅವಳ ಆಚೀಚೆ ಇನ್ನೂ ನಾಲ್ಕು ಬುರುಡೆ. ‘ಮಂಗೋಲಿಯನ್’ ಬಗೆಗೆ ಮಾದರಿಯಾಗಿ ಇಟ್ಟದ್ದು ಮಂಗೋಲರದ್ದಲ್ಲ, ಸೈಬೀರಿಯಾದ ತುಂಗುಸ್ ಜನರ ಒಬ್ಬರದ್ದು. ‘ಮಲಯ’ಕ್ಕೆ ಇಟ್ಟದ್ದು ತಾಹಿತಿ ದ್ವೀಪದವರದ್ದು. ಒಂದು ಖಂಡದ ಕೋಟ್ಯಂತರ ಜನಕ್ಕೆ ಹೆಸರಿಟ್ಟದ್ದು ಇಷ್ಟರ ಮೇಲೆ.

ಆದರೆ ಬ್ಲೂಮೆನ್‌ಬಾಖ್‌ನನ್ನು ಕೆಟ್ಟವನು ಎಂದು ಬದಿಗೆ ತಳ್ಳಿದರೆ ತಪ್ಪಾಗುತ್ತದೆ. ಈ ಬಗೆಗಳು ಒಂದರೊಳಗೊಂದು ಕರಗಿಹೋಗುತ್ತವೆ, ನಡುವೆ ಗೆರೆ ಎಳೆಯಲು ಆಗುವುದಿಲ್ಲ ಎಂದು ಅವನೇ ಬರೆದಿದ್ದಾನೆ. ಆಫ್ರಿಕಾದವರ ಬುದ್ಧಿ ಕಡಿಮೆ ಎನ್ನುವವರ ಮಾತನ್ನು ಅಲ್ಲಗಳೆಯಲು ಅವರು ಬರೆದ ಪುಸ್ತಕಗಳನ್ನೇ ಹುಡುಕಿ ಕೂಡಿಟ್ಟಿದ್ದ. ಆಮೇಲೆ ಬಂದವರು ಹೆಸರುಗಳನ್ನು ಇಟ್ಟುಕೊಂಡರು, ಎಚ್ಚರಿಕೆಯನ್ನು ಬಿಟ್ಟರು. ಅವನ ಲೆಕ್ಕದಲ್ಲಿ ಕಾಕೇಸಿಯನ್ನರ ಗಡಿ ಏಷ್ಯಾದಲ್ಲಿ ಗಂಗಾ ನದಿಯವರೆಗೆ. ಫಿನ್ಲೆಂಡಿನ ಜನ ಯುರೋಪಿನಲ್ಲಿದ್ದರೂ ಮಂಗೋಲಿಯನ್ ಗುಂಪಿಗೆ ಸೇರಿದ್ದರು. ಈಗ ಓದಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆಗ ಅದು ಯುರೋಪಿನ ಒಳ್ಳೆಯ ವಿಜ್ಞಾನ.

ಎಪ್ಪತ್ತು ವರ್ಷದ ನಂತರ ಇದೇ ಐದು ಹೆಸರು ಇಂಗ್ಲೆಂಡಿನ ಒಂದು ಆಶ್ರಯಧಾಮಕ್ಕೆ ಬಂದವು. ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಸೀಮೆಯಲ್ಲಿ ಅರ್ಲ್ಸ್‌ವುಡ್ ಎಂಬಲ್ಲಿ ಬುದ್ಧಿ ಬೆಳವಣಿಗೆ ಕಡಿಮೆ ಇರುವವರಿಗಾಗಿ ದೊಡ್ಡ ಮನೆ ಇತ್ತು. ಅಲ್ಲಿನ ಮುಖ್ಯ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್. ಅಲ್ಲಿದ್ದವರನ್ನು ಹೇಗೆ ವಿಂಗಡಿಸುವುದು ಎಂದು ಅವನಿಗೆ ತೋಚಿರಲಿಲ್ಲ. ಕೊನೆಗೆ ಬ್ಲೂಮೆನ್‌ಬಾಖ್‌ನ ಪಟ್ಟಿಯನ್ನೇ ಹಿಡಿದ. 1866ರ ಲೇಖನದಲ್ಲಿ, ಇವರಲ್ಲಿ ಕೆಲವರು ಇಥಿಯೋಪಿಯನ್ ಬಗೆ, ಕೆಲವರು ಮಲಯ, ಕೆಲವರು ಅಮೆರಿಕದ ಮೂಲನಿವಾಸಿಗಳ ಬಗೆ, ತುಂಬಾ ಜನ ಮಂಗೋಲ್ ಬಗೆ ಎಂದು ಬರೆದ. ಎಲ್ಲರೂ ಇಂಗ್ಲಿಷ್ ತಂದೆತಾಯಿಗೆ ಹುಟ್ಟಿದವರೇ. ಉಳಿದ ಹೆಸರುಗಳು ಬಿದ್ದುಹೋದವು. ‘ಮಂಗೋಲ್’ ಮಾತ್ರ ಉಳಿಯಿತು. ಯಾಕೆಂದರೆ ಆ ಗುಂಪಿನವರು ನಿಜಕ್ಕೂ ಒಬ್ಬರನ್ನೊಬ್ಬರು ಹೋಲುತ್ತಿದ್ದರು. ಅದೊಂದು ನಿಜವಾದ ಸ್ಥಿತಿ, ಹೆಸರು ಮಾತ್ರ ಪೂರಾ ತಪ್ಪು.

ಡೌನ್ ಕೂಡ ಒಳ್ಳೆಯ ಮನಸ್ಸಿನವನು. ಆ ಕಾಲದಲ್ಲಿ ಕೆಲವರು ಬೇರೆ ಬೇರೆ ಜನಾಂಗ ಅಂದರೆ ಬೇರೆ ಬೇರೆ ಪ್ರಾಣಿಜಾತಿ ಎಂದು ವಾದಿಸುತ್ತಿದ್ದರು. ಗುಲಾಮಗಿರಿಗೆ ಅದು ಒಳ್ಳೆಯ ನೆಪ. ಇಂಗ್ಲಿಷ್ ತಾಯಿಗೆ ಮಂಗೋಲರ ಮುಖದ ಮಗು ಹುಟ್ಟಬಹುದಾದರೆ ಮನುಷ್ಯರೆಲ್ಲ ಒಂದೇ ಜಾತಿ ಎಂದಾಯ್ತಲ್ಲ ಎಂದು ಡೌನ್ ತಿರುಗಿ ಕೇಳಿದ. ವಾದದ ಗುರಿ ಚೆನ್ನಾಗಿತ್ತು. ಆದರೆ ಅದರೊಳಗೆ ಒಂದು ಮಾತು ಅಡಗಿತ್ತು. ರೋಗದಿಂದ ಕೆಳಕ್ಕೆ ಜಾರಿದ ಯುರೋಪಿಯನ್ ಮಗು ಮಂಗೋಲನಾಗುತ್ತದೆ ಎಂದರೆ, ಮಂಗೋಲರು ಮೊದಲೇ ಕೆಳಗಿದ್ದಾರೆ ಎಂದರ್ಥ. ಏಣಿಯ ಮೇಲಿನ ಮೆಟ್ಟಿಲಿನಲ್ಲಿ ಯುರೋಪ್ ಇದೆ ಎಂದು ಅವನು ಬರೆಯಬೇಕಾಗಿಯೇ ಇರಲಿಲ್ಲ. ಓದುವವರಿಗೆಲ್ಲ ಅದು ಗೊತ್ತೇ ಇತ್ತು.

ಆ ಅಡಗಿದ ಮಾತು 1924ರಲ್ಲಿ ಹೊರಗೆ ಬಂತು. ಕ್ರುಕ್‌ಶ್ಯಾಂಕ್ ಎಂಬ ಇಂಗ್ಲಿಷ್ ವೈದ್ಯ ಒಂದು ಪುಸ್ತಕವನ್ನೇ ಬರೆದ. ಈ ಮಕ್ಕಳಲ್ಲಿ ಹಳೆಯ ಮಂಗೋಲ್ ರಕ್ತ ಮತ್ತೆ ತಲೆಯೆತ್ತಿದೆ, ಮಂಗೋಲರಿಗೂ ಒರಾಂಗುಟಾನ್‌ಗೂ ನಂಟಿದೆ ಎನ್ನುವುದು ಅದರ ವಾದ. ಆ ಪುಸ್ತಕಕ್ಕೆ ಓದುಗರೂ ಸಿಕ್ಕಿದರು.

ಇಲ್ಲಿಂದ ನನಗೆ ತುಂಬಾ ಇಷ್ಟವಾದ ಭಾಗ. ಲಯೊನೆಲ್ ಪೆನ್‌ರೋಸ್ ಎಂಬ ವೈದ್ಯ ಇಂಗ್ಲೆಂಡಿನ ಕಾಲ್ಚೆಸ್ಟರ್‌ನಲ್ಲಿ ಇಂಥ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ. ವಾದ ಮಾಡುತ್ತಾ ಕೂರುವ ಬದಲು ಅವನು ರಕ್ತ ತೆಗೆದು ನೋಡಿದ. ಆ ಹೊತ್ತಿಗೆ ಎ, ಬಿ, ಎಬಿ, ಒ ಗುಂಪುಗಳು ಗೊತ್ತಿದ್ದವು. ಬೇರೆ ಬೇರೆ ದೇಶಗಳಲ್ಲಿ ಅವುಗಳ ಪ್ರಮಾಣ ಬೇರೆ ಎನ್ನುವುದೂ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಬಿ ಗುಂಪಿನವರು ಹತ್ತು ಜನಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಮಧ್ಯ ಏಷ್ಯಾದ ಕಡೆ ಹೋದಂತೆ ಬಿ ಏರುತ್ತಾ ಹೋಗುತ್ತದೆ. ಈ ಮಕ್ಕಳಲ್ಲಿ ನಿಜಕ್ಕೂ ಮಂಗೋಲ್ ರಕ್ತ ತಲೆಯೆತ್ತಿದ್ದರೆ ಅವರಲ್ಲಿ ಬಿ ಜಾಸ್ತಿ ಇರಬೇಕಲ್ಲವೇ? ಇರಲಿಲ್ಲ. ಅವರ ರಕ್ತದ ಗುಂಪುಗಳು ಉಳಿದ ಇಂಗ್ಲಿಷರಲ್ಲಿ ಹೇಗಿದ್ದವೋ ಹಾಗೇ ಇದ್ದವು. 1932ರಲ್ಲಿ ಇದು ಪ್ರಕಟವಾಯಿತು. ಅಲ್ಲಿಗೆ ಕ್ರುಕ್‌ಶ್ಯಾಂಕ್‌ನ ಮಾತಿಗೆ ನೆಲೆ ಇಲ್ಲದಾಯಿತು. ಮರುವರ್ಷವೇ ಪೆನ್‌ರೋಸ್, ಇದಕ್ಕೆ ನಂಟಿರುವುದು ತಾಯಿಯ ವಯಸ್ಸಿನ ಜೊತೆ ಎಂದು ತೋರಿಸಿದ.

ಈ ಪರೀಕ್ಷೆಯಲ್ಲಿ ನಮಗೆ ಸಂಬಂಧಪಟ್ಟ ಒಂದು ಸಣ್ಣ ವಿಷಯವೂ ಇದೆ. ಬಿ ಗುಂಪು ನಮ್ಮ ದೇಶದಲ್ಲೂ ಜಾಸ್ತಿ. ನಮ್ಮ ಮನೆಯಲ್ಲೇ ಐದು ಜನರಲ್ಲಿ ಮೂವರು ಬಿ. ಮುಖ ನೋಡಿ ಮೂಟೆ ಕಟ್ಟಿದರೆ ನಾವು ಒಂದು ಕಡೆ, ಮಂಗೋಲರು ಇನ್ನೊಂದು ಕಡೆ. ಬಿ ಗುಂಪು ನೋಡಿ ಕಟ್ಟಿದರೆ ನಾವೂ ಅವರೂ ಒಟ್ಟಿಗೆ, ಇಂಗ್ಲಿಷರು ಆಚೆ. ಯಾವ ಮೂಟೆ ನಿಜ? ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ.

1959ರಲ್ಲಿ ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜೂನ್, ಮಾರ್ಥ್ ಗೋಟಿಯೆ, ರೇಮೊಂ ತ್ಯುರ್ಪ್ಯಾಂ ಸೇರಿ ನಿಜವಾದ ಕಾರಣ ಪ್ರಕಟಿಸಿದರು. ಈ ಮಕ್ಕಳ ಜೀವಕೋಶದಲ್ಲಿ 46ರ ಬದಲು 47 ಕ್ರೋಮೋಸೋಮ್ ಇರುತ್ತವೆ, 21ನೆಯದು ಎರಡರ ಬದಲು ಮೂರು. ಜಪಾನಿನಲ್ಲೂ ಇಷ್ಟೇ, ನೈಜೀರಿಯಾದಲ್ಲೂ ಇಷ್ಟೇ, ಹಾಸನದಲ್ಲೂ ಇಷ್ಟೇ.

ಎರಡು ವರ್ಷದ ನಂತರ, 1961ರಲ್ಲಿ, ಹತ್ತೊಂಬತ್ತು ತಜ್ಞರು ಲ್ಯಾನ್ಸೆಟ್ ಪತ್ರಿಕೆಗೆ ಒಂದು ಪತ್ರ ಬರೆದರು. ಪೆನ್‌ರೋಸ್ ಅವರಲ್ಲೊಬ್ಬ, ಡೌನ್‌ನ ಮೊಮ್ಮಗನೂ ಇದ್ದ. ಪತ್ರದ ಕಾರಣಗಳು ಸರಳ. ಯುರೋಪಿನ ಮಗುವಿಗೆ ಈ ಸ್ಥಿತಿ ಬಂದರೆ ಅದಕ್ಕೂ ಏಷ್ಯಾದವರಿಗೂ ಸಂಬಂಧ ಇಲ್ಲ. ಏಷ್ಯಾದ ಮಗುವಿಗೇ ಬಂದರೆ ‘ಮಂಗೋಲ್ ಮಂಗೋಲಾಯ್ಡ್’ ಎಂದು ಬರೆಯಬೇಕಾಗುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಚೀನಾ, ಜಪಾನಿನ ವಿಜ್ಞಾನಿಗಳು ಈಗ ಇದೇ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾರೆ, ಅವರಿಗೆ ಈ ಪದ ಬಳಸಲು ಮುಜುಗರ. ಬದಲಿಗೆ ಕೆಲವು ಹೆಸರು ಸೂಚಿಸಿದರು. ಪತ್ರಿಕೆಯ ಸಂಪಾದಕರು ಅದರಲ್ಲಿ ‘ಡೌನ್ಸ್ ಸಿಂಡ್ರೋಮ್’ ಆರಿಸಿಕೊಂಡರು.

ಮೂರನೇ ಕಾರಣವನ್ನು ಇನ್ನೊಮ್ಮೆ ಓದಿ. ನೂರು ವರ್ಷ ಆ ಪದ ಯಾಕೆ ನಡೆಯಿತು ಎನ್ನುವುದಕ್ಕೆ ಉತ್ತರ ಅದರಲ್ಲೇ ಇದೆ. ಅಷ್ಟು ವರ್ಷ ಆ ಕೋಣೆಯಲ್ಲಿ ಏಷ್ಯಾದವರು ಯಾರೂ ಇರಲಿಲ್ಲ. ಹೆಸರಿಟ್ಟವರೂ ಯುರೋಪಿನವರೇ, ಓದಿದವರೂ ಅವರೇ. ಹೆಸರಿಸಿಕೊಂಡವರು ಒಳಗೆ ಬಂದು ಕೂತ ದಿನ ಪದ ಕಟುವಾಗಿ ಕೇಳಿಸತೊಡಗಿತು. ಮಂಗೋಲಿಯಾ ದೇಶ 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿತು. 1965ರಲ್ಲಿ ಅದರ ಪ್ರತಿನಿಧಿಗಳು ಸಂಸ್ಥೆಯ ಮಹಾನಿರ್ದೇಶಕರನ್ನು ಕಂಡು, ನಮ್ಮ ಜನರ ಹೆಸರನ್ನು ಈ ರೀತಿ ಬಳಸಬೇಡಿ ಎಂದು ಕೇಳಿಕೊಂಡರು. ಸಂಸ್ಥೆ ತನ್ನ ಬರಹಗಳಿಂದ ಆ ಪದ ತೆಗೆಯಿತು. ಉಲಾನ್‌ಬಾತರ್‌ನ ಒಬ್ಬ ತಂದೆ ಯುರೋಪಿನ ಶಬ್ದಕೋಶ ತೆರೆದು ನಾನು ಯಾರು ಎಂದು ಹುಡುಕಿದರೆ ಅಲ್ಲಿ ಕಾಯಿಲೆಯ ವಿವರಣೆ ಸಿಗುತ್ತಿತ್ತು. ಅವರು ಕೇಳಿದ್ದು ತೀರಾ ಚಿಕ್ಕದು.

ಆದರೂ ವೈದ್ಯರ ಬಾಯಿಂದ ಆ ಪದ ಹೋಗಲು ಇನ್ನೂ ಇಪ್ಪತ್ತು ಮೂವತ್ತು ವರ್ಷ ಹಿಡಿಯಿತು. ಬೀದಿಗಳಿಂದ ಇನ್ನೂ ಹೋಗಿಲ್ಲ. ಯುರೋಪಿನ ಹಲವು ಭಾಷೆಗಳಲ್ಲಿ ‘ಮಂಗೋಲ್’ ಎನ್ನುವುದು ಈಗಲೂ ದಡ್ಡ ಎಂದು ಬೈಯುವ ಮಾತು. ನಮ್ಮ ಹಳೆಯ ಗೈಡುಗಳಲ್ಲಿ ಡೌನ್ ಸಿಂಡ್ರೋಮ್ ಪಕ್ಕ ‘ಮಂಗೋಲಿಸಂ’ ಎಂದು ಇರುತ್ತಿದ್ದದ್ದು ನನ್ನ ತಂಗಿಗೆ ಹದಿನೈದು ವರ್ಷದ ನಂತರ ನೆನಪಾಗಿ ಅಳಿಸಿತು. ಪದಗಳು ಬೇಗ ಸಾಯುವುದಿಲ್ಲ.

ಕಾಯಿಲೆಯ ಹೆಸರು ಹೀಗೆ ಹೋಯಿತು. ಹಾಗಾದರೆ ಜನಾಂಗದ ಹೆಸರು? ಅದು ಇನ್ನಷ್ಟು ಕಾಲ ನಿಂತಿತು. 1950ರಲ್ಲಿ ಯುನೆಸ್ಕೊ ಜನಾಂಗಭೇದದ ವಿರುದ್ಧ ಹೊರಡಿಸಿದ ಹೇಳಿಕೆಯಲ್ಲೇ ಮಂಗೋಲಾಯ್ಡ್, ನೀಗ್ರಾಯ್ಡ್, ಕಾಕಸಾಯ್ಡ್ ಎಂಬ ಮೂರು ಹೆಸರುಗಳಿವೆ. ಅವುಗಳನ್ನು ಬೀಳಿಸಿದ್ದು ಯಾರದೋ ಮನಸ್ಸಿಗೆ ನೋವಾಯಿತು ಎನ್ನುವುದೊಂದೇ ಅಲ್ಲ. ಲೆಕ್ಕ ಹಾಕಿ ನೋಡಿದಾಗ ಆ ಮೂಟೆಗಳು ನಿಲ್ಲಲಿಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ‘ಈಗ ಏನು ಹೇಳಿದರೂ ಜನರಿಗೆ ಬೇಜಾರು, ಅದಕ್ಕೆ ವಿಜ್ಞಾನವನ್ನೂ ಬದಲಾಯಿಸಿಬಿಟ್ಟರು’ ಎಂದು ಹೇಳುವವರನ್ನು ನಾನು ಕಂಡಿದ್ದೇನೆ. ಆದದ್ದು ಹಾಗಲ್ಲ.

ಕುಡಗೋಲು ಕಣ ರೋಗವನ್ನೇ ತೆಗೆದುಕೊಳ್ಳಿ. ಸಿಕಲ್ ಸೆಲ್ ಎನ್ನುತ್ತೇವಲ್ಲ, ಅದು. ಅಮೆರಿಕದಲ್ಲಿ ಇದನ್ನು ಬಹುಕಾಲ ‘ನೀಗ್ರೋಗಳ ರೋಗ’ ಎಂದೇ ಪಾಠ ಮಾಡುತ್ತಿದ್ದರು. ಬಿಳಿಯರಲ್ಲಿ ಕಂಡರೆ, ಇವರ ವಂಶದಲ್ಲಿ ಎಲ್ಲೋ ಆಫ್ರಿಕಾದ ರಕ್ತ ಬೆರೆತಿರಬೇಕು ಎನ್ನುತ್ತಿದ್ದರು. 1952ರಲ್ಲಿ ಅದು ನಮ್ಮ ಪಕ್ಕದ ನೀಲಗಿರಿ ಬೆಟ್ಟದ ಬುಡಕಟ್ಟುಗಳಲ್ಲಿ ಸಿಕ್ಕಿತು. ಆಗಲೂ ಮೊದಲು ಹೊಳೆದದ್ದು ಹಳೆಯ ಜನಾಂಗದ ನಂಟೇ. ಎರಡು ವರ್ಷದಲ್ಲಿ ಆಂಟನಿ ಆಲಿಸನ್ ನಿಜವಾದ ಕೊಂಡಿ ತೋರಿಸಿದ: ಮಲೇರಿಯಾ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದ ಮಗು ಮಲೇರಿಯಾವನ್ನು ಚೆನ್ನಾಗಿ ತಡೆಯುತ್ತದೆ. ಇಬ್ಬರಿಂದಲೂ ಬಂದರೆ ರೋಗ. ಹಾಗಾಗಿ ಸೊಳ್ಳೆ ಜಾಸ್ತಿ ಇದ್ದ ಕಡೆಯೆಲ್ಲ ಈ ಗುಣ ಉಳಿದುಕೊಂಡಿತು, ಪಶ್ಚಿಮ ಆಫ್ರಿಕಾ, ಗ್ರೀಸ್, ಅರಬ್ ನಾಡು, ಭಾರತ. ಮಲೇರಿಯಾ ಇಲ್ಲದ ದಕ್ಷಿಣ ಆಫ್ರಿಕಾದ ಭಾಗಗಳಲ್ಲಿ ಇದು ಅಪರೂಪ. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಕಾಡಂಚಿನ ಬುಡಕಟ್ಟುಗಳಲ್ಲಿ ಈಗಲೂ ಇದಕ್ಕೆ ರಕ್ತಪರೀಕ್ಷೆ ನಡೆಯುತ್ತದೆ. ಮೂಟೆಯ ಗಡಿ ಹಿಡಿದು ಹೊರಟ ವೈದ್ಯರು ನೂರಾರು ರೋಗಿಗಳನ್ನು ಗುರುತಿಸದೇ ಹೋಗಬಹುದಿತ್ತು.

ಬಿ ರಕ್ತದ ಗುಂಪು ಒಂದು ದಿಕ್ಕಿಗೆ ಏರುತ್ತದೆ, ಸಿಕಲ್ ಸೆಲ್ ಸೊಳ್ಳೆಯ ದಾರಿ ಹಿಡಿಯುತ್ತದೆ, ಮೈಬಣ್ಣ ಬಿಸಿಲಿನ ದಾರಿ ಹಿಡಿಯುತ್ತದೆ. ಒಂದೊಂದಕ್ಕೂ ಒಂದೊಂದು ನಕ್ಷೆ. ಯಾವ ಎರಡು ನಕ್ಷೆಗಳೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಅದೂ ಅಲ್ಲದೆ ಯಾವ ನಕ್ಷೆಯಲ್ಲೂ ಗಟ್ಟಿ ಗೆರೆ ಇಲ್ಲ. ಬೆಂಗಳೂರಿನಿಂದ ಹೊರಟು ಕಾಲ್ನಡಿಗೆಯಲ್ಲಿ ಬೀದರ್, ನಾಗಪುರ, ಪಟ್ನಾ, ಕಾಠ್ಮಂಡು, ಲಾಸಾ ದಾಟಿ ಮಂಗೋಲಿಯಾ ಸೇರಿದರೆ, ಇವತ್ತಿನಿಂದ ಜನಾಂಗ ಬದಲಾಯಿತು ಎಂದು ಹೇಳುವ ಒಂದು ಬೆಳಗ್ಗೆ ಸಿಗುವುದಿಲ್ಲ. ನಡುವಿನ ಊರುಗಳನ್ನು ಬಿಟ್ಟು ವಿಮಾನದಲ್ಲಿ ಹೋಗಿ ಇಳಿದರೆ ಮಾತ್ರ ಹಾಗನ್ನಿಸುತ್ತದೆ. ಹಡಗಿನಲ್ಲಿ ಬಂದಿಳಿದ ಯುರೋಪಿಯನ್ನರಿಗೂ ಹೀಗೇ ಅನ್ನಿಸಿರಬೇಕು.

1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ತಳಿವಿಜ್ಞಾನಿ ಇದನ್ನು ಅಂಕಿಯಲ್ಲಿ ಹೇಳಿದ. ರಕ್ತದ ಹದಿನೇಳು ಗುಣಗಳನ್ನು ತೆಗೆದುಕೊಂಡು, ಮನುಷ್ಯರ ನಡುವಿನ ಒಟ್ಟು ವ್ಯತ್ಯಾಸವನ್ನು ಹಂಚಿ ನೋಡಿದ. ಸುಮಾರು 85 ಶೇಕಡಾ ಒಂದೇ ಜನಸಮುದಾಯದ ಒಳಗೇ ಇತ್ತು. ಜನಾಂಗ ಎನ್ನುವ ದೊಡ್ಡ ಮೂಟೆಗಳ ನಡುವೆ ಇದ್ದದ್ದು ಸುಮಾರು 6 ಶೇಕಡಾ. ಅಂದರೆ ನನಗೂ ನಮ್ಮ ಬೀದಿಯ ಕೊನೆಯ ಮನೆಯವರಿಗೂ ಇರುವ ವ್ಯತ್ಯಾಸದ ಮುಂದೆ ಖಂಡಗಳ ಲೆಕ್ಕ ತೆಳ್ಳಗೆ.

ಇದಕ್ಕೆ ಒಂದು ನ್ಯಾಯವಾದ ಎದುರುಮಾತಿದೆ. ಅದನ್ನು ಬಿಟ್ಟು ಮುಂದೆ ಹೋದರೆ ಓದುಗರಿಗೆ ಮೋಸ ಮಾಡಿದಂತೆ. ಹಾಗಾದರೆ ಎಂಜಲು ಕಳಿಸಿದರೆ ಕಂಪನಿಗಳು ನಿಮ್ಮ ಪೂರ್ವಿಕರು ಎಲ್ಲಿಯವರು ಎಂದು ಹೇಗೆ ಹೇಳುತ್ತವೆ? ಹೇಳಬಹುದು. ಒಂದೊಂದೇ ಗುಣ ಏನೂ ಹೇಳದಿದ್ದರೂ, ನೂರಾರು ಗುಣಗಳ ಸಣ್ಣ ಸಣ್ಣ ವ್ಯತ್ಯಾಸ ಕೂಡಿಸಿದರೆ ಊರಿನ ಸುಳಿವು ಸಿಗುತ್ತದೆ. 2002ರಲ್ಲಿ ನೋವಾ ರೋಸೆನ್‌ಬರ್ಗ್ ಮತ್ತು ಜೊತೆಗಾರರು 52 ಸಮುದಾಯಗಳ 1,056 ಜನರ ಡಿಎನ್‌ಎಯಲ್ಲಿ 377 ಜಾಗ ನೋಡಿದರು. ಇವರನ್ನು ಐದು ಗುಂಪು ಮಾಡು ಎಂದು ಕಂಪ್ಯೂಟರಿಗೆ ಹೇಳಿದಾಗ ಅದು ಸರಿಸುಮಾರು ಖಂಡಗಳ ಹಾಗೆಯೇ ಮಾಡಿತು. ‘ನೋಡಿ, ಐದು ಜನಾಂಗ ಇವೆ’ ಎಂದು ಕೆಲವರು ಖುಷಿಪಟ್ಟರು. ಆದರೆ ಐದು ಎನ್ನುವ ಸಂಖ್ಯೆ ಕೊಟ್ಟದ್ದು ಮನುಷ್ಯರು. ಆರು ಮಾಡು ಎಂದಾಗ ಆರನೆಯದಾಗಿ ಬಂದದ್ದು ಪಾಕಿಸ್ತಾನದ ಬೆಟ್ಟಗಳಲ್ಲಿ ಇರುವ ಕಲಾಶ್ ಎಂಬ ಒಂದು ಪುಟ್ಟ ಸಮುದಾಯ, ಕೆಲವು ಸಾವಿರ ಜನ. ಅವರನ್ನು ಆರನೇ ಜನಾಂಗ ಎಂದು ಯಾರೂ ಕರೆಯುವುದಿಲ್ಲ. ಐದು ಗುಂಪನ್ನು ಒಪ್ಪುವವರು ಆರನ್ನೂ ಒಪ್ಪಬೇಕಲ್ಲ. ಇದೇ ಅಧ್ಯಯನದಲ್ಲೂ 93ರಿಂದ 95 ಶೇಕಡಾ ವ್ಯತ್ಯಾಸ ಸಮುದಾಯಗಳ ಒಳಗೇ ಇತ್ತು.

ಮುಖ ನೋಡಿ ಕಟ್ಟಿದ ಮೂಟೆ ಎಷ್ಟು ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ನಮ್ಮ ಅಂಡಮಾನ್ ಸಾಕು. 1931ರ ಜನಗಣತಿಗಾಗಿ ಮಾನವಶಾಸ್ತ್ರಜ್ಞ ಬಿ.ಎಸ್. ಗುಹಾ ಭಾರತೀಯರನ್ನು ಆರು ಜನಾಂಗವಾಗಿ ವಿಂಗಡಿಸಿದರು. ಮೊದಲನೆಯದು ‘ನೆಗ್ರಿಟೊ’, ಅಂಡಮಾನಿನ ಬುಡಕಟ್ಟಿನವರು ಅದರಲ್ಲಿ. ಕಪ್ಪು ಬಣ್ಣ, ಗುಂಗುರು ಕೂದಲು, ಆಫ್ರಿಕಾದವರ ಹಾಗೇ ಕಾಣುತ್ತಾರೆ. ಡಿಎನ್‌ಎ ನೋಡಿದಾಗ ಅವರು ಆಫ್ರಿಕಾದವರಿಗಿಂತ ಏಷ್ಯಾದ ಉಳಿದ ಜನರಿಗೇ ಹತ್ತಿರ. ಗುಹಾ ಅವರ ಆರು ಹೆಸರುಗಳನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಇವತ್ತಿಗೂ ಉರುಹೊಡೆಯುತ್ತಾರೆ. ಇತಿಹಾಸದಲ್ಲಿ ಹೀಗೆ ವಿಂಗಡಿಸಿದ್ದರು ಎಂದು ಓದುವುದು ಬೇರೆ, ಜನ ಹೀಗಿದ್ದಾರೆ ಎಂದು ಓದುವುದು ಬೇರೆ. ಗೈಡುಗಳಲ್ಲಿ ಎರಡನೆಯದೇ ಜಾಸ್ತಿ. 2023ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು, ತಳಿವಿಜ್ಞಾನದಲ್ಲಿ ವ್ಯತ್ಯಾಸ ಅಳೆಯಲು ಜನಾಂಗದ ಹೆಸರುಗಳನ್ನು ಬಳಸಬೇಡಿ ಎಂದು ವರದಿ ಕೊಟ್ಟಿವೆ. ಆ ಮಾತು ನಮ್ಮ ಗೈಡು ಬರೆಯುವವರಿಗೂ ತಲುಪಬೇಕು.

ಇನ್ನು ಕೆಲವು ಹೆಸರು ಬೈಗುಳವಾಗಿ, ಕೆಲವು ಆಗದೇ ಇರುವುದೇಕೆ? ‘ಕಾಕೇಸಿಯನ್’ ಕೂಡ ಅದೇ ಪುಸ್ತಕದ ಪದ, ಅಷ್ಟೇ ತಪ್ಪು. ಆದರೆ ಅಮೆರಿಕದಲ್ಲಿ ಅದು ಈಗಲೂ ಫಾರಂಗಳಲ್ಲಿ ಸಿಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಯಾಕೆಂದರೆ ಆ ಹೆಸರು ಹೊತ್ತವರಿಗೆ ಅದರಿಂದ ಬಾಗಿಲು ತೆರೆಯಿತು. ಬೇರೆಯವರಿಗೆ ಬಾಗಿಲು ಮುಚ್ಚಿತು. 1922ರ ನವೆಂಬರಿನಲ್ಲಿ ತಕಾವೊ ಒಜಾವಾ ಎಂಬ ಜಪಾನಿ ಮೂಲದವರಿಗೆ ಅಮೆರಿಕದ ಸುಪ್ರೀಂ ಕೋರ್ಟ್ ಪೌರತ್ವ ಇಲ್ಲ ಎಂದಿತು. ಬಿಳಿಯರು ಅಂದರೆ ಕಾಕೇಸಿಯನ್ನರು, ನೀವು ಅಲ್ಲ ಎನ್ನುವುದು ಕಾರಣ. ಮೂರು ತಿಂಗಳ ನಂತರ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅದೇ ಕೋರ್ಟಿಗೆ ಬಂದರು. ಅಮೆರಿಕದ ಸೈನ್ಯದಲ್ಲಿ ದುಡಿದವರು. ವಿಜ್ಞಾನಿಗಳ ಪ್ರಕಾರ ನಾನು ಕಾಕೇಸಿಯನ್ ಎಂದು ತೋರಿಸಿದರು. ಆಗ ಕೋರ್ಟ್, ವಿಜ್ಞಾನಿಗಳು ಹೇಳಿದ್ದು ಬೇಡ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನೇ ಬಿಳಿಯ ಎಂದಿತು. ಎರಡೂ ತೀರ್ಪು ಬರೆದದ್ದು ಒಬ್ಬರೇ ನ್ಯಾಯಾಧೀಶರು, ಜಾರ್ಜ್ ಸದರ್ಲ್ಯಾಂಡ್. ಇದನ್ನು ಮೊದಲ ಸಲ ಓದಿದಾಗ ನನಗೆ ತುಂಬಾ ಹೊತ್ತು ಬೇರೇನೂ ಮಾಡಲಾಗಲಿಲ್ಲ.

‘ನೀಗ್ರೋ’ ಪದದ ಭಾರ ಇನ್ನೂ ಜಾಸ್ತಿ. ಅದು ಗುಲಾಮರ ಮಾರಾಟದ ಲೆಕ್ಕದ ಪುಸ್ತಕಗಳಲ್ಲಿ ಇದ್ದ ಪದ. ಒಂದು ಕಾಲದಲ್ಲಿ ಅಲ್ಲಿನ ಕಪ್ಪುಜನರೇ ಗೌರವದಿಂದ ಬಳಸಿದ್ದೂ ಹೌದು, 1960ರ ದಶಕದ ನಂತರ ಅವರೇ ಬಿಟ್ಟರು. 2016ರಲ್ಲಿ ಅಮೆರಿಕದ ಕೇಂದ್ರ ಕಾನೂನುಗಳಲ್ಲಿ ಉಳಿದಿದ್ದ ‘ನೀಗ್ರೋ’, ‘ಓರಿಯಂಟಲ್’ ಪದಗಳನ್ನು ಬದಲಿಸಿದರು. ಕನ್ನಡದಲ್ಲಿ ನಾವು ಇನ್ನೂ ಸಲೀಸಾಗಿ ‘ನೀಗ್ರೋ’ ಎಂದು ಬರೆಯುತ್ತೇವೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಬಗ್ಗೆ ಬರೆಯುವಾಗಂತೂ ‘ನೀಗ್ರೋ ಮುಖಲಕ್ಷಣ’ ಎನ್ನುವುದು ಬಂದೇ ಬರುತ್ತದೆ. ಸಿದ್ದಿಗಳು ತಲೆಮಾರುಗಳಿಂದ ಇಲ್ಲಿಯವರು. ಕನ್ನಡ, ಕೊಂಕಣಿ, ಮರಾಠಿ ಆಡುವವರು. ಅವರ ಪೂರ್ವಿಕರಲ್ಲಿ ಆಫ್ರಿಕಾದವರೂ ಇದ್ದಾರೆ, ಭಾರತದವರೂ ಇದ್ದಾರೆ. ‘ಆಫ್ರಿಕಾ ಮೂಲದ ಸಿದ್ದಿಗಳು’ ಎಂದರೆ ವಿಷಯ ಪೂರ್ತಿ ತಿಳಿಯುತ್ತದೆ. ‘ಸಿದ್ದಿಗಳು’ ಎಂದಷ್ಟೇ ಬರೆದರೂ ಬಹಳ ಸಲ ಸಾಕು.

‘ಮಂಗೋಲಾಯ್ಡ್ ಚಹರೆ’ಯೂ ನಮ್ಮಲ್ಲಿ ಹಾಗೇ ಉಳಿದಿದೆ. ಬೆಂಗಳೂರಿನ ಹೋಟೆಲು, ಸಲೂನು, ಆಸ್ಪತ್ರೆಗಳಲ್ಲಿ ದುಡಿಯುವ ಮಣಿಪುರ, ಮಿಜೋರಾಂ, ನಾಗಾಲ್ಯಾಂಡಿನ ಮಕ್ಕಳಿಗೆ ಈ ಚಹರೆಯ ಮಾತು ದಿನಾ ಬೇರೆ ಬೇರೆ ರೂಪದಲ್ಲಿ ಬಡಿಯುತ್ತದೆ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ಒಬ್ಬ ವಿದ್ಯಾರ್ಥಿಯನ್ನು ಅವನ ರೂಪ ಆಡಿಕೊಂಡು, ಹೊಡೆದು, ಅವನು ತೀರಿಕೊಂಡ ಮೇಲೆ ಈಶಾನ್ಯದ ಜನರ ಕಷ್ಟಗಳನ್ನು ವಿಚಾರಿಸಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಬೇಕಾಯಿತು. ಪುಸ್ತಕದ ಪದವನ್ನೇ ನೇರವಾಗಿ ಇದಕ್ಕೆ ಕಾರಣ ಮಾಡಲಾರೆ. ಆದರೆ ‘ಇವರು ಬೇರೆ ಜನಾಂಗ’ ಎಂದು ಶಾಲೆಯ ಪುಸ್ತಕವೇ ಹೇಳಿಕೊಟ್ಟಿದ್ದರೆ, ಬೀದಿಯಲ್ಲಿ ಅದನ್ನೇ ಒರಟಾಗಿ ಹೇಳುವವನಿಗೆ ತಾನು ತಪ್ಪು ಎಂದು ಅನ್ನಿಸುವುದು ಕಷ್ಟ. ಖಾಸಿ, ಮಿಜೋ, ಮೈತೇಯಿ, ಟಿಬೆಟನ್ ಎಂದು ಅವರವರ ಹೆಸರೇ ಇರುವಾಗ ಎರಡು ಶತಮಾನ ಹಿಂದಿನ ತುಂಗುಸ್ ಬುರುಡೆಯ ಹೆಸರು ನಮಗೆ ಯಾಕೆ ಬೇಕು?

ಈಗ ಆ ನೀಲಿ ಮಚ್ಚೆಗೆ ಬರುತ್ತೇನೆ. ಅದಕ್ಕೆ ಆ ಹೆಸರು ಕೊಟ್ಟದ್ದು ಎರ್ವಿನ್ ಬೆಲ್ಟ್ಸ್ ಎಂಬ ಜರ್ಮನ್ ವೈದ್ಯ, 1880ರ ದಶಕದಲ್ಲಿ. ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ, ಅಲ್ಲಿನ ಕೂಸುಗಳಲ್ಲಿ ಕಂಡ, ಮಂಗೋಲ್ ಜನಾಂಗದ ಗುರುತು ಎಂದುಕೊಂಡ. ಬಣ್ಣ ತಯಾರಿಸುವ ಜೀವಕೋಶಗಳು ಮಗು ಗರ್ಭದಲ್ಲಿರುವಾಗ ಚರ್ಮದ ಮೇಲ್ಪದರಕ್ಕೆ ಸಾಗಿ ಬರುತ್ತವೆ. ಕೆಲವು ದಾರಿಯಲ್ಲೇ, ಕೆಳಪದರದಲ್ಲೇ ನಿಂತುಬಿಡುತ್ತವೆ. ಆಳದಲ್ಲಿರುವುದರಿಂದ ಅವುಗಳ ಕಂದು ಬಣ್ಣ ನಮಗೆ ನೀಲಿಯಾಗಿ ಕಾಣುತ್ತದೆ. ಜಪಾನಿನ ಮಕ್ಕಳಲ್ಲಿದೆ, ಆಫ್ರಿಕಾದ ಮಕ್ಕಳಲ್ಲಿದೆ, ನಮ್ಮ ಮಕ್ಕಳಲ್ಲಂತೂ ತುಂಬಾ ಸಾಮಾನ್ಯ. ಯುರೋಪಿನ ಬಿಳಿ ಮಕ್ಕಳಲ್ಲಿ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಈಗಿನ ವೈದ್ಯಪುಸ್ತಕಗಳಲ್ಲಿ ಇದರ ಹೆಸರು ‘ಕಂಜೆನಿಟಲ್ ಡರ್ಮಲ್ ಮೆಲನೊಸೈಟೋಸಿಸ್’. ಬಾಯಿಗೆ ಕಷ್ಟ, ಆದರೆ ಏನಾಗಿದೆ ಎನ್ನುವುದನ್ನು ಸರಿಯಾಗಿ ಹೇಳುತ್ತದೆ: ಹುಟ್ಟಿನಿಂದ, ಒಳಚರ್ಮದಲ್ಲಿ, ಬಣ್ಣದ ಕೋಶಗಳು.

ತಂಗಿಗೆ ಆ ರಾತ್ರಿ ಇದನ್ನೆಲ್ಲ ಹೇಳಲಿಲ್ಲ. ಮಗುವಿಗೆ ಏನೂ ಆಗಿಲ್ಲ, ಮಲಗು ಎಂದೆ. ಈ ವರ್ಷ ಅವಳ ಗಂಡನಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಿತು. ಮಗುವನ್ನು ಅಲ್ಲಿ ಡೇಕೇರ್‌ಗೆ ಬಿಡಬೇಕು. ಅಂಥ ಕಡೆ ಈ ಮಚ್ಚೆಯನ್ನು ಹೊಡೆತದ ಗಾಯ ಎಂದು ತಿಳಿದು ತಂದೆತಾಯಿಯನ್ನು ಅನುಮಾನಿಸಿದ ಪ್ರಸಂಗಗಳು ನಡೆದಿವೆ. ಗುರುತಿಸುವುದು ಕಷ್ಟವಲ್ಲ. ಹೊಡೆತದ ಕಲೆ ಮುಟ್ಟಿದರೆ ನೋಯುತ್ತದೆ, ದಿನದಿಂದ ದಿನಕ್ಕೆ ಹಸಿರು, ಹಳದಿಗೆ ತಿರುಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ಈ ಮಚ್ಚೆ ನೋಯುವುದಿಲ್ಲ, ವಾರಗಟ್ಟಲೆ ಅದೇ ಬಣ್ಣ, ಅದೇ ಆಕಾರ. ಹೋಗುವುದು ನಿಧಾನವಾಗಿ, ವರ್ಷಗಳಲ್ಲಿ. ಆದರೂ ಮೊದಲೇ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಹೊರಡುವ ಮುಂಚೆ ಅವಳು ಮಕ್ಕಳ ಡಾಕ್ಟರ ಹತ್ತಿರ ಹೋಗಿ ಫೈಲಿನಲ್ಲಿ ಹೊಸದಾಗಿ ಬರೆಸಿಕೊಂಡು ಬಂದಳು. ಮಚ್ಚೆ ಎಲ್ಲಿದೆ, ಎಷ್ಟು ಅಗಲ, ಹುಟ್ಟಿನಿಂದ ಇದೆ ಎಂದು. ಪಕ್ಕದಲ್ಲಿ ಫೋಟೊ ಅಂಟಿಸಿ, ತಾರೀಖು ಹಾಕಿ, ಡಾಕ್ಟರ ಸಹಿ ತೆಗೆದುಕೊಂಡಿದ್ದಳು. ಹಳೆಯ ಪದವನ್ನು ಡಾಕ್ಟರೇ ಒಂದು ಗೆರೆ ಎಳೆದು ಹೊಡೆದು ಹಾಕಿದ್ದರು.